ಆನ್‌ಲೈನ್ ಕ್ಲಾಸಿನ ಹಾಜರಿ ಸ್ಕ್ರೀನ್‌ಶಾಟ್: ಯಾವುದು ಫೈಲಿಗೆ ಸೇರುತ್ತದೆ, ಯಾವುದು ವಾಪಸ್ ಬರುತ್ತದೆ

ಕಾಲೇಜಿನಲ್ಲಿ ಆನ್‌ಲೈನ್ ಕ್ಲಾಸ್ ಮಾಡಿದರೆ ಪಾಠದ ಜೊತೆಗೆ ಇನ್ನೊಂದು ಕೆಲಸವೂ ಬೆನ್ನಿಗೆ ಬೀಳುತ್ತದೆ. ಕ್ಲಾಸ್ ನಡೆಯಿತು ಎನ್ನುವುದಕ್ಕೆ ಸ್ಕ್ರೀನ್‌ಶಾಟ್ ಕೊಡಬೇಕು. 2020ರ ಲಾಕ್‌ಡೌನ್ ಕಾಲದಲ್ಲಿ ಎಲ್ಲ ಕಡೆ ಶುರುವಾದ ಈ ಪದ್ಧತಿ ಲಾಕ್‌ಡೌನ್ ಜೊತೆ ಹೋಗಲಿಲ್ಲ. ಮಳೆ ರಜೆಯ ದಿನ ತೆಗೆದುಕೊಂಡ ಕ್ಲಾಸ್, ಪೋರ್ಷನ್ ಮುಗಿಸಲು ಸಂಜೆ ಮಾಡಿದ ಕ್ಲಾಸ್, ಬ್ರಿಡ್ಜ್ ಕೋರ್ಸ್, ವೆಬಿನಾರ್, ಎಲ್ಲದಕ್ಕೂ ಎಚ್‌ಒಡಿ ಕೇಳುವುದು ಇದನ್ನೇ. ಅಲ್ಲಿಂದ ಅದು ಐಕ್ಯೂಎಸಿ ಫೈಲಿಗೆ ಹೋಗುತ್ತದೆ. ಮುಂದೆ ನ್ಯಾಕ್ ತಂಡ ಬಂದಾಗಲೋ, ಗೌರವಧನದ ಬಿಲ್ ಮಾಡುವಾಗಲೋ ಯಾರೋ ಒಬ್ಬರು ಅದನ್ನು ತೆರೆದು ನೋಡುತ್ತಾರೆ.

ಹಾಗೆ ನೋಡುವವರು ನಿಮ್ಮ ಕ್ಲಾಸಿನಲ್ಲಿ ಇದ್ದವರಲ್ಲ. ಅವರ ಮುಂದೆ ಇರುವುದು ಮೂರು ಕಾಗದ: ಟೈಮ್‌ಟೇಬಲ್, ನಿಮ್ಮ ವರ್ಕ್ ಡೈರಿ, ಹಾಜರಿ ಪುಸ್ತಕ. ಸ್ಕ್ರೀನ್‌ಶಾಟ್ ಈ ಮೂರಕ್ಕೂ ತಾಳೆಯಾಗಬೇಕು. ಟೈಮ್‌ಟೇಬಲ್‌ನಲ್ಲಿ ಇರುವ ಹೊತ್ತು ಚಿತ್ರದಲ್ಲೂ ಕಾಣಬೇಕು. ವರ್ಕ್ ಡೈರಿಯಲ್ಲಿ ಬರೆದ ವಿಷಯ ಮೀಟಿಂಗ್ ಹೆಸರಿನಲ್ಲಿ ಇರಬೇಕು. ಹಾಜರಿ ಪುಸ್ತಕದಲ್ಲಿ ಹಾಜರಾದವರ ಹೆಸರು ಪಟ್ಟಿಯಲ್ಲಿ ಸಿಗಬೇಕು. ಯಾರು, ಏನು, ಯಾವಾಗ ಎಂಬ ಮೂರೂ ಒಂದೇ ಚಿತ್ರದಲ್ಲಿ ಬಂದರೆ ಅದು ಒಪ್ಪಿಗೆಯಾಗುತ್ತದೆ. ಒಂದು ತಪ್ಪಿದರೂ ಉಳಿದ ಎರಡಕ್ಕೆ ಬೆಲೆ ಕಡಿಮೆ. ಹೆಸರುಗಳಿದ್ದು ಹೊತ್ತು ಇಲ್ಲದಿದ್ದರೆ ಅದು ಯಾವ ದಿನದ ಕ್ಲಾಸಾದರೂ ಆಗಿರಬಹುದು, ಅಲ್ವಾ?

ಹೊಸದಾಗಿ ಬಂದ ಅತಿಥಿ ಉಪನ್ಯಾಸಕರು ಕೇಳುವ ಪ್ರಶ್ನೆ ಒಂದೇ. "ಮೇಡಂ, ಮಕ್ಕಳ ಮುಖ ಎಲ್ಲ ಚೆನ್ನಾಗಿ ಕಾಣಿಸ್ತಿದೆಯಲ್ಲ, ಇನ್ನೇನು ಬೇಕು?" ಮುಖ ನೋಡಿ ಗುರುತಿಸುವುದು ಪಾಠ ಮಾಡಿದವರಿಗೆ ಆಗುತ್ತದೆ, ಫೈಲ್ ನೋಡುವವರಿಗೆ ಆಗುವುದಿಲ್ಲ. ಅವರಿಗೆ ಬೇಕಾಗಿರುವುದು ಹೆಸರು ಮತ್ತು ನಂಬರ್. ಹಾಗಾಗಿ ನಗುತ್ತಿರುವ ಮುಖಗಳ ದೊಡ್ಡ ಚಿತ್ರಕ್ಕಿಂತ, ಪಕ್ಕದಲ್ಲಿ ತೆರೆದುಕೊಳ್ಳುವ ಪಟ್ಟಿಯೇ ಮುಖ್ಯ.

ಇದರಲ್ಲಿ ಹೆಚ್ಚಿನವರು ಗಮನಿಸದ ಮಾತೊಂದಿದೆ. ಸ್ಕ್ರೀನ್‌ಶಾಟ್ ಚೆನ್ನಾಗಿ ಬರುವುದೋ ಇಲ್ಲವೋ ಎನ್ನುವುದು ಬಟನ್ ಒತ್ತುವ ಗಳಿಗೆಯಲ್ಲಿ ತೀರ್ಮಾನವಾಗುವುದಿಲ್ಲ. ಮೀಟಿಂಗ್ ಲಿಂಕ್ ಮಾಡುವಾಗಲೇ ಅರ್ಧ ತೀರ್ಮಾನವಾಗಿರುತ್ತದೆ.

ಗೂಗಲ್ ಮೀಟ್ ತೆಗೆದುಕೊಳ್ಳಿ. ನಮ್ಮ ಕಾಲೇಜುಗಳಲ್ಲಿ ಜಾಸ್ತಿ ಬಳಕೆಯಲ್ಲಿ ಇರುವುದು ಅದೇ. ಲ್ಯಾಪ್‌ಟಾಪ್‌ನಲ್ಲಿ ತೆರೆದರೆ ಕೆಳಗೆ ಎಡಮೂಲೆಯಲ್ಲಿ ಸಮಯ ಇರುತ್ತದೆ, ಅದರ ಪಕ್ಕದಲ್ಲೇ ಮೀಟಿಂಗ್ ಹೆಸರು. ಆದರೆ ಹೆಸರು ಕಾಣುವುದು ಕ್ಯಾಲೆಂಡರ್‌ನಲ್ಲಿ ಮೊದಲೇ ಹೆಸರಿಟ್ಟು ಮಾಡಿದ ಮೀಟಿಂಗ್ ಆದರೆ ಮಾತ್ರ. ಕ್ಲಾಸಿಗೆ ಎರಡು ನಿಮಿಷ ಇರುವಾಗ ಅವಸರದಲ್ಲಿ ಲಿಂಕ್ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕಿದರೆ ಆ ಜಾಗದಲ್ಲಿ ಹತ್ತು ಅಕ್ಷರದ ಕೋಡ್ ಕೂತಿರುತ್ತದೆ, `abc-defg-hij` ಎಂಬ ಥರ. ಆ ಕೋಡ್ ನೋಡಿ ಇದು ಬಿಕಾಂ ಕ್ಲಾಸೋ ಬಿಎ ಕ್ಲಾಸೋ ಹೇಳಲು ಯಾರಿಗೂ ಆಗುವುದಿಲ್ಲ. ಆಮೇಲೆ ಎಷ್ಟು ಚೆಂದ ಸ್ಕ್ರೀನ್‌ಶಾಟ್ ತೆಗೆದರೂ "ಏನು" ಎಂಬ ಭಾಗ ಖಾಲಿಯೇ.

ಹೆಸರನ್ನು ಇಡುವುದರಲ್ಲೂ ಒಂದು ಲೆಕ್ಕ ಇದೆ. ಉದ್ದವಾದರೆ ಪರದೆಯ ಮೂಲೆಯಲ್ಲಿ ಕೊನೆಯ ಭಾಗ ಕತ್ತರಿಸಿ ಚುಕ್ಕಿಗಳು ಬರುತ್ತವೆ. ಆದ್ದರಿಂದ ತರಗತಿ ಮತ್ತು ದಿನಾಂಕ ಮೊದಲು ಬರಲಿ, ವಿಷಯ ಆಮೇಲೆ. "ಆನ್‌ಲೈನ್ ಕ್ಲಾಸ್ ಫಾರ್ ಸ್ಟೂಡೆಂಟ್ಸ್" ಎಂದು ಶುರು ಮಾಡಿದರೆ ಇರುವ ಜಾಗವೆಲ್ಲ ಅದಕ್ಕೇ ಹೋಗುತ್ತದೆ. ಉದಾಹರಣೆಗೆ ಹೀಗೆ ಇಡಬಹುದು:

```
BCom3A 11Aug CostAcc Unit2
```

ದಿನಾಂಕವನ್ನು ಹೆಸರಿನಲ್ಲೇ ಸೇರಿಸುವುದಕ್ಕೆ ಕಾರಣ ಇದೆ. ಮೀಟ್ ತೋರಿಸುವುದು ಗಂಟೆ ನಿಮಿಷ ಅಷ್ಟೇ, ತಾರೀಖು ಅಲ್ಲ. ಇಡೀ ಸೆಮಿಸ್ಟರ್‌ಗೆ ಒಂದೇ ಲಿಂಕ್ ಮಾಡಿ ಪ್ರತಿ ವಾರ ಮರುಕಳಿಸುವಂತೆ ಇಟ್ಟವರಿಗೆ ಈ ಉಪಾಯ ಸುಲಭವಾಗಿ ಒದಗುವುದಿಲ್ಲ, ಹೆಸರು ಎಲ್ಲ ವಾರವೂ ಅದೇ ಇರುತ್ತದೆ. ಅವರು ತಾರೀಖಿಗೆ ಕಂಪ್ಯೂಟರಿನ ಗಡಿಯಾರವನ್ನೇ ನೆಚ್ಚಿಕೊಳ್ಳಬೇಕು.

ಝೂಮ್‌ನಲ್ಲಿ ಕಥೆ ಸ್ವಲ್ಪ ಬೇರೆ. ಹೆಸರು ಇಡದೆ ಮಾಡಿದರೆ ಅದು ನಿಮ್ಮ ಹೆಸರನ್ನೇ ಹಾಕಿ ಇಂಥವರ ಝೂಮ್ ಮೀಟಿಂಗ್ ಎಂದುಬಿಡುತ್ತದೆ. ಹೆಸರು ಇಟ್ಟರೂ ಅದು ಯಾವಾಗಲೂ ಕಣ್ಣೆದುರು ಇರುವುದಿಲ್ಲ. ಮೇಲಿನ ಎಡಮೂಲೆಯ ಹಸಿರು ಗುರಾಣಿ ಗುರುತನ್ನು ಒತ್ತಿದರೆ ಒಂದು ಚೌಕ ತೆರೆದುಕೊಳ್ಳುತ್ತದೆ, ಮೀಟಿಂಗ್ ಹೆಸರು, ಐಡಿ ಎಲ್ಲ ಅದರಲ್ಲಿ ಇರುತ್ತವೆ. ಅದನ್ನು ತೆರೆದಿಟ್ಟು, ಬಲಗಡೆ ಹಾಜರಾದವರ ಪಟ್ಟಿಯನ್ನೂ ತೆರೆದಿಟ್ಟು ಚಿತ್ರ ತೆಗೆಯಬೇಕು. ಸಮಯವನ್ನು ಝೂಮ್ ತಾನಾಗಿ ತೋರಿಸುವುದಿಲ್ಲ, ಕಂಪ್ಯೂಟರಿನ ಗಡಿಯಾರವೇ ಗತಿ.

ಗಡಿಯಾರದ ವಿಷಯಕ್ಕೆ ಬಂದೆವು. ವಿಂಡೋಸ್ ಕಂಪ್ಯೂಟರಿನಲ್ಲಿ ಕೆಳಗೆ ಬಲಮೂಲೆಯಲ್ಲಿ ಸಮಯವೂ ತಾರೀಖೂ ಇರುತ್ತವೆ. ಇದಕ್ಕಿಂತ ಸುಲಭವಾದ ಸಾಕ್ಷಿ ಬೇರೆ ಇಲ್ಲ. ವಾಪಸ್ ಬರುವ ಸ್ಕ್ರೀನ್‌ಶಾಟ್‌ಗಳಲ್ಲಿ ಬಹಳಷ್ಟು ಬರುವುದು ಈ ಮೂಲೆ ಇಲ್ಲದ ಕಾರಣಕ್ಕೇ. `Win+Shift+S` ಒತ್ತಿ ಬೇಕಾದಷ್ಟು ಜಾಗ ಮಾತ್ರ ಕತ್ತರಿಸಿಕೊಳ್ಳುವುದು ಎಲ್ಲರಿಗೂ ರೂಢಿ. ಕತ್ತರಿಸುವಾಗ ಕೆಳಗಿನ ಪಟ್ಟಿ ಬೇಡದ್ದು ಅಂತ ಅನ್ನಿಸುತ್ತದೆ, ಬಿಟ್ಟುಬಿಡುತ್ತಾರೆ. ಹಾಜರಿಗೆ `Win+PrtScn` ಒತ್ತಿ, ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಜೊತೆಗೆ `Fn` ಕೂಡ ಒತ್ತಬೇಕು. ಇಡೀ ಪರದೆ ಒಂದೇ ಸಲಕ್ಕೆ ಪಿಕ್ಚರ್ಸ್ ಫೋಲ್ಡರಿನೊಳಗಿನ ಸ್ಕ್ರೀನ್‌ಶಾಟ್ಸ್ ಫೋಲ್ಡರಿಗೆ ಹೋಗಿ ಕೂರುತ್ತದೆ. ಮೀಟಿಂಗನ್ನು ಪೂರ್ತಿ ಪರದೆಗೆ ಹಿಗ್ಗಿಸಿಟ್ಟಿದ್ದರೆ ಗಡಿಯಾರ ಮುಚ್ಚಿಹೋಗಿರುತ್ತದೆ, ಮೊದಲು ಅದರಿಂದ ಹೊರಗೆ ಬನ್ನಿ.

ಈಗ ಒಂದು ಕ್ಲಾಸನ್ನು ಉದಾಹರಣೆಗೆ ಇಟ್ಟುಕೊಂಡು ನೋಡೋಣ. ಬಿಕಾಂ ಮೂರನೇ ಸೆಮಿಸ್ಟರ್ ಎ ಸೆಕ್ಷನ್, 62 ವಿದ್ಯಾರ್ಥಿಗಳು. 2025ರ ಆಗಸ್ಟ್ 11, ಸೋಮವಾರ, ಬೆಳಿಗ್ಗೆ 10ರಿಂದ 11. ಮೀಟ್‌ನಲ್ಲಿ ಕ್ಲಾಸ್.

ಹತ್ತಕ್ಕೆ ಸರಿಯಾಗಿ ಚಿತ್ರ ತೆಗೆದರೆ ಅದರಲ್ಲಿ ಏಳೆಂಟು ಜನ ಇದ್ದರೆ ಹೆಚ್ಚು. ಮಕ್ಕಳು ಒಬ್ಬೊಬ್ಬರಾಗಿ ಬರುತ್ತಾರೆ, ಕೆಲವರಿಗೆ ನೆಟ್‌ವರ್ಕ್ ಸಿಗುವುದೇ ಐದು ನಿಮಿಷ ಆದ ಮೇಲೆ. ಹಾಗಾಗಿ ಮೊದಲ ಚಿತ್ರ 10:12ರ ಸುಮಾರಿಗೆ. ಆಗ ಪಟ್ಟಿ ತೆರೆದರೆ ಮೇಲೆ 58 ಎಂಬ ಸಂಖ್ಯೆ ಕಾಣುತ್ತದೆ ಅಂದುಕೊಳ್ಳಿ. ಹಾಜರಿ 58 ಅಲ್ಲ. ಆ ಲೆಕ್ಕದಲ್ಲಿ ಮೇಷ್ಟ್ರೂ ಒಬ್ಬರು. ಅವರನ್ನು ಕಳೆದರೆ 57. ಒಬ್ಬ ಹುಡುಗ ಫೋನಿನಲ್ಲೂ ಲ್ಯಾಪ್‌ಟಾಪ್‌ನಲ್ಲೂ ಬಂದಿದ್ದಾನೆ, ಪಟ್ಟಿಯಲ್ಲಿ ಅವನ ಹೆಸರು ಎರಡು ಸಲ ಇದೆ. ಅವನನ್ನು ಒಂದೇ ಸಲ ಎಣಿಸಿದರೆ 56. ಹಾಜರಿ ಪುಸ್ತಕದಲ್ಲಿ ಇರಬೇಕಾದದ್ದು 56. ಚಿತ್ರದಲ್ಲಿ 58, ಪುಸ್ತಕದಲ್ಲಿ 56 ಎಂದರೆ ನೋಡುವವರಿಗೆ ಸಂಶಯ ಬರುವುದು ಸಹಜ. ಅದಕ್ಕೆ ಚಿತ್ರದ ಜೊತೆ ಇಡುವ ಹಾಳೆಯಲ್ಲಿ ಒಂದು ಸಾಲು ಬರೆಯಬೇಕು: "ಪಟ್ಟಿಯ 58ರಲ್ಲಿ ಉಪನ್ಯಾಸಕರು 1, ಎರಡು ಸಲ ಬಂದ ಹೆಸರು 1, ಹಾಜರಿ 56." ಈ ಒಂದು ಸಾಲು ಇದ್ದರೆ ಸಾಕು, ಫೈಲ್ ವಾಪಸ್ ಬರುವುದಿಲ್ಲ.

ಇನ್ನು ಆ 56ರಲ್ಲಿ ಇಬ್ಬರ ಹೆಸರು ಹಾಜರಿ ಪುಸ್ತಕದಲ್ಲಿ ಇಲ್ಲವೇ ಇಲ್ಲ. ಒಬ್ಬಳು ಅಮ್ಮನ ಫೋನಿನಿಂದ ಬಂದಿದ್ದಾಳೆ, ಇನ್ನೊಬ್ಬ ಅಣ್ಣನ ಫೋನಿನಿಂದ. ಮೀಟ್ ತೋರಿಸುವುದು ಆ ಫೋನಿನ ಗೂಗಲ್ ಖಾತೆಯ ಹೆಸರನ್ನು, ಮೀಟಿಂಗಿನ ಒಳಗೆ ಬಂದ ಮೇಲೆ ಅದನ್ನು ಬದಲಿಸಲು ಬರುವುದಿಲ್ಲ. ಮನೆಯಲ್ಲಿ ಒಂದೇ ಫೋನ್ ಇರುವ ಮಕ್ಕಳಿಗೆ ಇದನ್ನು ತಪ್ಪು ಎಂದು ಹೇಳಿ ಆಬ್ಸೆಂಟ್ ಹಾಕುವುದು ಸರಿಯಲ್ಲ. ಇದಕ್ಕೆ ದಾರಿ ಚಾಟ್. "ರೋಲ್ ನಂಬರ್ ಮತ್ತು ನಿಮ್ಮ ಹೆಸರು ಚಾಟ್‌ನಲ್ಲಿ ಹಾಕಿ" ಎಂದರೆ ಅಮ್ಮನ ಹೆಸರಿನ ಕೆಳಗೆ ಮಗಳ ರೋಲ್ ನಂಬರ್ ಬರುತ್ತದೆ, ಪಕ್ಕದಲ್ಲಿ ಸಮಯವೂ ಬರುತ್ತದೆ. ಅದರ ಒಂದು ಸ್ಕ್ರೀನ್‌ಶಾಟ್ ತೆಗೆದರೆ ಆ ಹೆಸರು ಯಾರದು ಎಂಬುದಕ್ಕೆ ದಾಖಲೆ ಸಿಕ್ಕಿತು. ಇದನ್ನು ಕ್ಲಾಸ್ ನಡೆಯುವಾಗಲೇ ತೆಗೆಯಬೇಕು. ಮೀಟಿಂಗ್ ಮುಚ್ಚಿದ ಮೇಲೆ ಚಾಟ್ ಸಾಮಾನ್ಯವಾಗಿ ಸಿಗುವುದಿಲ್ಲ. ಝೂಮ್‌ನಲ್ಲಾದರೆ ಈ ತೊಂದರೆ ಕಡಿಮೆ. ಅಲ್ಲಿ ವಿದ್ಯಾರ್ಥಿಯೇ ತನ್ನ ಹೆಸರನ್ನು ಬದಲಿಸಬಹುದು, ಮೇಷ್ಟ್ರೂ ಬದಲಿಸಬಹುದು. ಹೆಸರಿನ ಮುಂದೆ ರೋಲ್ ನಂಬರ್ ಹಾಕಿಸಿದರೆ, `07 Kavya` ಎಂಬಂತೆ, ಪಟ್ಟಿ ಹೆಚ್ಚುಕಡಿಮೆ ನಂಬರ್ ಪ್ರಕಾರವೇ ಸಾಲಾಗಿ ನಿಲ್ಲುತ್ತದೆ. ಒಂದನ್ನು `1` ಎಂದು ಬರೆಸದೆ `01` ಎಂದೇ ಬರೆಸಿ, ಇಲ್ಲದಿದ್ದರೆ ಕ್ರಮ ತಪ್ಪುತ್ತದೆ.

ಮುಂದಿನ ತೊಡಕು 58 ಹೆಸರು ಒಂದೇ ಪರದೆಯಲ್ಲಿ ಹಿಡಿಸದಿರುವುದು. ಸಾಧಾರಣ ಲ್ಯಾಪ್‌ಟಾಪಿನಲ್ಲಿ ಪಕ್ಕದ ಪಟ್ಟಿಯಲ್ಲಿ ಒಂದು ಸಲಕ್ಕೆ ಕಾಣುವುದು ಕೆಲವೇ ಹೆಸರು. ಬ್ರೌಸರಿನಲ್ಲಿ `Ctrl` ಹಿಡಿದು `-` ಒತ್ತಿದರೆ ಎಲ್ಲವೂ ಚಿಕ್ಕದಾಗಿ ಹೆಚ್ಚು ಹೆಸರು ಹಿಡಿಸುತ್ತವೆ. ನನ್ನ ಅನುಭವದಲ್ಲಿ 67 ಶೇಕಡಾಕ್ಕೆ ಇಳಿಸುವುದು ಸರಿ. ಇನ್ನೂ ಕೆಳಗೆ ಹೋದರೆ ಪರದೆಯಲ್ಲಿ ಓದಬಹುದು, ಆದರೆ ಪ್ರಿಂಟ್ ತೆಗೆದಾಗ ಅಕ್ಷರ ಮಸುಕಾಗುತ್ತದೆ. ಫೈಲಿಗೆ ಹೋಗುವುದು ಪ್ರಿಂಟೇ ಆದ್ದರಿಂದ ಅದನ್ನು ನೆನಪಿಡಬೇಕು. ಕೆಲಸ ಮುಗಿದ ಮೇಲೆ `Ctrl+0` ಒತ್ತಿದರೆ ಮೊದಲಿನ ಅಳತೆಗೆ ಬರುತ್ತದೆ.

ಪಟ್ಟಿಯನ್ನು ಕೆಳಗೆ ಸರಿಸುತ್ತಾ ಒಂದಾದ ಮೇಲೊಂದು ಚಿತ್ರ ತೆಗೆಯಿರಿ. ಹೀಗೆ ತೆಗೆಯುವಾಗ ಹಿಂದಿನ ಚಿತ್ರದ ಕೊನೆಯ ಒಂದೆರಡು ಹೆಸರು ಮುಂದಿನ ಚಿತ್ರದ ಆರಂಭದಲ್ಲೂ ಇರಲಿ. ಮಧ್ಯದಲ್ಲಿ ಯಾರೂ ಬಿಟ್ಟುಹೋಗಿಲ್ಲ ಎಂದು ತೋರಿಸುವುದು ಆ ಎರಡು ಹೆಸರೇ. ಎಲ್ಲ ಚಿತ್ರವನ್ನೂ ಒಂದೆರಡು ನಿಮಿಷದೊಳಗೆ ತೆಗೆದುಬಿಡಬೇಕು. 10:12ಕ್ಕೆ ಒಂದು, 10:30ಕ್ಕೆ ಇನ್ನೊಂದು ಎಂದಾದರೆ ಅಷ್ಟರಲ್ಲಿ ಹೋದವರು ಬಂದವರು ಸೇರಿ ಪಟ್ಟಿಯೇ ಬದಲಾಗಿರುತ್ತದೆ, ಎರಡನ್ನೂ ಜೋಡಿಸಿ ಒಂದು ಹಾಜರಿ ಎನ್ನಲಾಗುವುದಿಲ್ಲ.

ಇಷ್ಟು ಮಾಡಿದರೂ ಗೊತ್ತಾಗುವುದು 10:12ಕ್ಕೆ ಯಾರಿದ್ದರು ಎಂಬುದಷ್ಟೇ. ಸ್ಕ್ರೀನ್‌ಶಾಟಿನ ದೊಡ್ಡ ಮಿತಿ ಇದು. ಅದು ಒಂದು ಕ್ಷಣದ ಮಾತು ಹೇಳುತ್ತದೆ, ಒಂದು ಗಂಟೆಯದ್ದಲ್ಲ. ಬಂದು ಹೆಸರು ಕೊಟ್ಟು ಹದಿನೈದು ನಿಮಿಷಕ್ಕೆ ಹೊರಟವರೂ ಅದರಲ್ಲಿ ಹಾಜರೇ. ಆದ್ದರಿಂದ ಎರಡನೇ ಸುತ್ತು ಬೇಕು, ಕ್ಲಾಸ್ ಮುಗಿಯುವ ಹತ್ತು ನಿಮಿಷ ಮುಂಚೆ. ನಮ್ಮ ಉದಾಹರಣೆಯಲ್ಲಿ 10:50ಕ್ಕೆ. ಎರಡೂ ಸುತ್ತಿನಲ್ಲಿ ಇದ್ದವರಿಗೆ ಹಾಜರಿ ಹಾಕಿದರೆ ಅದಕ್ಕೆ ಗಟ್ಟಿ ಆಧಾರ ಇರುತ್ತದೆ. ಕೊನೆಯ ನಿಮಿಷಕ್ಕೆ ಕಾಯಬೇಡಿ. "ಥ್ಯಾಂಕ್ಯೂ ಸರ್" ಶುರುವಾದರೆ ಅರ್ಧ ಕ್ಲಾಸ್ ಖಾಲಿಯಾಗಲು ಹತ್ತು ಸೆಕೆಂಡ್ ಸಾಕು.

ಉಚಿತ ಖಾತೆ ಬಳಸುವವರಿಗೆ ಇದರಲ್ಲಿ ಇನ್ನೊಂದು ಎಚ್ಚರ. ಸಾಮಾನ್ಯ ಜಿಮೇಲ್ ಖಾತೆಯ ಮೀಟ್‌ನಲ್ಲಿ ಮೂರು ಅಥವಾ ಹೆಚ್ಚು ಜನ ಇದ್ದರೆ 60 ನಿಮಿಷಕ್ಕೆ ಮೀಟಿಂಗ್ ನಿಲ್ಲುತ್ತದೆ. ಝೂಮ್‌ನ ಉಚಿತ ಖಾತೆಯಲ್ಲಿ 40 ನಿಮಿಷ. ಝೂಮ್‌ನಲ್ಲಿ ಒಂದು ಗಂಟೆಯ ಕ್ಲಾಸ್ ಎಂದರೆ ಮಧ್ಯದಲ್ಲಿ ಕಡಿದು ಮತ್ತೆ ಸೇರುವುದು ಖಚಿತ. ಹೊಸ ಲಿಂಕ್ ಮಾಡಿದರೆ ಐಡಿಯೂ ಬದಲಾಗುತ್ತದೆ. ಆಗ ಎರಡು ಭಾಗಕ್ಕೂ ಒಂದೇ ಹೆಸರಿಟ್ಟು ಕೊನೆಯಲ್ಲಿ 1, 2 ಎಂದು ಸೇರಿಸಿ. ಮೊದಲ ಭಾಗದಲ್ಲಿ ಒಂದು ಸುತ್ತು, ಎರಡನೇ ಭಾಗದಲ್ಲಿ ಒಂದು ಸುತ್ತು ತೆಗೆಯಿರಿ. ಇಲ್ಲದಿದ್ದರೆ ಅದು 40 ನಿಮಿಷದ ಕ್ಲಾಸ್ ಎಂದೇ ಲೆಕ್ಕಕ್ಕೆ ಬರುತ್ತದೆ.

ಫೋನಿನಲ್ಲೇ ಪಾಠ ಮಾಡುವವರೂ ಇದ್ದಾರೆ. ಫೋನಿನ ಪರದೆಯಲ್ಲಿ ಮೇಲೆ ಸಮಯ ಇರುತ್ತದೆ, ತಾರೀಖು ಇರುವುದಿಲ್ಲ. ಹೆಸರಿನ ಪಟ್ಟಿ ತೆರೆದರೆ ಮೀಟಿಂಗ್ ಹೆಸರು ಮುಚ್ಚಿಹೋಗುವುದೂ ಉಂಟು. ಅಂಥ ಸಂದರ್ಭದಲ್ಲಿ ಮೀಟಿಂಗ್ ಹೆಸರು ಇರುವ ಒಂದು ಚಿತ್ರ, ಪಟ್ಟಿ ಇರುವ ಇನ್ನೊಂದು ಚಿತ್ರ, ಎರಡನ್ನೂ ಅದೇ ನಿಮಿಷದಲ್ಲಿ ತೆಗೆಯಬೇಕು. ಮೇಲಿನ ಸಮಯ ಎರಡರಲ್ಲೂ 10:12 ಎಂದಿದ್ದರೆ ಅವು ಜೋಡಿ ಎಂದು ಗೊತ್ತಾಗುತ್ತದೆ. ತಾರೀಖನ್ನು ಹೆಸರಿನಲ್ಲಿ ಸೇರಿಸಿದ್ದು ನಿಜಕ್ಕೂ ಕೆಲಸಕ್ಕೆ ಬರುವುದು ಇಲ್ಲಿ. ಜೊತೆಗೆ ಫೈಲಿನ ಹೆಸರೂ ಸಹಾಯ ಮಾಡುತ್ತದೆ. ಬಹಳಷ್ಟು ಆಂಡ್ರಾಯ್ಡ್ ಫೋನ್‌ಗಳು ಸ್ಕ್ರೀನ್‌ಶಾಟಿಗೆ ತಾವೇ ತಾರೀಖು, ಗಂಟೆ, ನಿಮಿಷ ಸೇರಿಸಿ ಹೆಸರಿಡುತ್ತವೆ:

```
Screenshot_20250811-101214.png
```

ಅದನ್ನು ವಾಟ್ಸಾಪ್‌ನಲ್ಲಿ ಫೋಟೋ ಥರ ಕಳಿಸಿದರೆ ಈ ಹೆಸರು ಹೋಗುತ್ತದೆ, ಚಿತ್ರವೂ ಕುಗ್ಗಿ ಸಣ್ಣ ಅಕ್ಷರ ಮಸುಕಾಗುತ್ತದೆ. ಡಾಕ್ಯುಮೆಂಟ್ ಆಯ್ಕೆ ಒತ್ತಿ ಕಳಿಸಿ, ಇಲ್ಲವೇ ಇಮೇಲ್ ಮಾಡಿ. ಇದ್ದದ್ದು ಇದ್ದ ಹಾಗೇ ತಲುಪುತ್ತದೆ.

ಕಂಪ್ಯೂಟರ್ ಪರದೆಯನ್ನು ಫೋನಿನ ಕ್ಯಾಮೆರಾದಿಂದ ಫೋಟೋ ತೆಗೆದು ಕೊಡುವವರಿಗೆ ಒಂದು ಮಾತು: ಅಡ್ಡಗೆರೆ ಬಂದು ಹೆಸರು ಓದಲಾಗದಂತಾಗುತ್ತದೆ, ಹಾಗಾಗಿ ಅದು ನಿಲ್ಲುವುದಿಲ್ಲ. ಇನ್ನು ಕೆಲವರು ಚಿತ್ರದ ಮೇಲೆ ಆಮೇಲೆ ತಾರೀಖನ್ನು ಟೈಪ್ ಮಾಡುತ್ತಾರೆ, ಹೆಸರುಗಳಿಗೆ ಕೆಂಪು ಗುರುತು ಹಾಕುತ್ತಾರೆ. ಉದ್ದೇಶ ಒಳ್ಳೆಯದೇ, ನೋಡುವವರಿಗೆ ಸುಲಭವಾಗಲಿ ಎಂದು. ಆದರೆ ಒಂದು ಅಕ್ಷರ ಮೇಲೆ ಬರೆದಿದ್ದು ಕಂಡರೆ ಉಳಿದದ್ದೂ ತಿದ್ದಿದ್ದೇನೋ ಎನ್ನುವ ಅನುಮಾನ ಹುಟ್ಟುತ್ತದೆ. ಚಿತ್ರವನ್ನು ಮುಟ್ಟಬೇಡಿ. ಹೇಳಬೇಕಾದ್ದನ್ನು ಜೊತೆಗಿನ ಹಾಳೆಯಲ್ಲಿ ಹೇಳಿ, ಕೆಳಗೆ ಸಹಿ ಹಾಕಿ.

ಗಡಿಯಾರದ ಬಗ್ಗೆ ಒಂದು ಸಣ್ಣ ವಿಷಯ, ಹೊರದೇಶದ ಮಕ್ಕಳಿಗೆ ಕನ್ನಡ ಕಲಿಸುವವರಿಗೆ ಬೇಕಾದ್ದು. ಚಿತ್ರದಲ್ಲಿ ಬರುವುದು ಚಿತ್ರ ತೆಗೆದವರ ಊರಿನ ಸಮಯ. ಬೆಂಗಳೂರಿನಲ್ಲಿ ಕೂತು ಜುಲೈ ತಿಂಗಳ ಭಾನುವಾರ ಬೆಳಿಗ್ಗೆ 7:30ಕ್ಕೆ ಪಾಠ ಮಾಡಿದರೆ ಕ್ಯಾಲಿಫೋರ್ನಿಯಾದಲ್ಲಿ ಆಗ ಶನಿವಾರ ಸಂಜೆ 7 ಗಂಟೆ. ಶಿಕ್ಷಕರ ಚಿತ್ರದಲ್ಲಿ ಒಂದು ತಾರೀಖು, ಅಲ್ಲಿನ ಪೋಷಕರ ಚಿತ್ರದಲ್ಲಿ ಇನ್ನೊಂದು. ಎರಡೂ ಸರಿ. ಯಾವ ಊರಿನ ಸಮಯ ಎಂದು ಹಾಳೆಯಲ್ಲಿ ಬರೆದರೆ ಗೊಂದಲ ಇಲ್ಲ.

ಸ್ಕ್ರೀನ್‌ಶಾಟಿಗಿಂತ ಗಟ್ಟಿ ದಾಖಲೆ ಇಲ್ಲವೇ ಎಂದರೆ, ಇದೆ. ಮೈಕ್ರೋಸಾಫ್ಟ್ ಟೀಮ್ಸ್‌ನಲ್ಲಿ ಮೀಟಿಂಗ್ ಮಾಡಿದವರು ಹಾಜರಿ ವರದಿ ಇಳಿಸಿಕೊಳ್ಳಬಹುದು. ಝೂಮ್‌ನ ಹಣ ಕೊಟ್ಟ ಖಾತೆಯಲ್ಲೂ ಸಿಗುತ್ತದೆ. ಯಾರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು ಎಂಬುದು ಅದರಲ್ಲಿ ಸಾಲಾಗಿ ಇರುತ್ತದೆ. ಮೀಟ್‌ನಲ್ಲಿ ಈ ಸೌಲಭ್ಯ ಕೆಲವು ಹಣದ ಯೋಜನೆಗಳಲ್ಲಿ ಮಾತ್ರ, ಕಾಲೇಜುಗಳಿಗೆ ಉಚಿತವಾಗಿ ಸಿಗುವ ಖಾತೆಯಲ್ಲಿ ಇಲ್ಲ. ನಿಮ್ಮ ಕಾಲೇಜಿನಲ್ಲಿ ಈ ವರದಿ ಸಿಗುವಂತಿದ್ದರೆ ಅದನ್ನೇ ಮುಖ್ಯ ದಾಖಲೆ ಮಾಡಿ, ಒಂದು ಸ್ಕ್ರೀನ್‌ಶಾಟ್ ಜೊತೆಗಿರಲಿ. ವರದಿಯಲ್ಲಿರುವ ಮೀಟಿಂಗ್ ಹೆಸರು ಮತ್ತು ಚಿತ್ರದಲ್ಲಿರುವ ಹೆಸರು ಒಂದೇ ಆಗಿದ್ದರೆ ಎರಡೂ ಒಂದಕ್ಕೊಂದು ಬಲ ಕೊಡುತ್ತವೆ.

ಕೊನೆಯದಾಗಿ, ಈ ಚಿತ್ರಗಳಲ್ಲಿ ಇರುವುದು ಮಕ್ಕಳ ಹೆಸರು, ಮುಖ, ಕೆಲವೊಮ್ಮೆ ಅವರ ಮನೆಯ ಒಳಗಿನ ನೋಟ. ಪಿಯುಸಿ ಮಕ್ಕಳಲ್ಲಿ ಹೆಚ್ಚಿನವರಿಗೆ 18 ತುಂಬಿರುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18ಕ್ಕಿಂತ ಕೆಳಗಿನವರೆಲ್ಲ ಮಕ್ಕಳೇ. ಹಾಜರಿಗೆ ಹೆಸರು ಸಾಕು ಎಂದಾದರೆ ಮುಖ ಬರಬೇಕಾಗಿಯೇ ಇಲ್ಲ. ಪಟ್ಟಿ ತೆಗೆಯುವ ಒಂದು ನಿಮಿಷ ಕ್ಯಾಮೆರಾ ಬಂದ್ ಮಾಡಿ ಎಂದು ಹೇಳಬಹುದು, ಇಲ್ಲವೇ ನಿಮ್ಮ ಸ್ಲೈಡನ್ನೇ ದೊಡ್ಡದಾಗಿ ಇಟ್ಟು ಪಕ್ಕದಲ್ಲಿ ಪಟ್ಟಿ ತೆರೆಯಬಹುದು. ಸ್ಲೈಡ್ ಇದ್ದರೆ ಅಂದು ಮಾಡಿದ ಪಾಠ ಯಾವುದು ಎಂಬುದೂ ಅದೇ ಚಿತ್ರದಲ್ಲಿ ಸಿಗುತ್ತದೆ. ಚಿತ್ರವನ್ನು ಕ್ಲಾಸಿನ ವಾಟ್ಸಾಪ್ ಗ್ರೂಪಿಗಾಗಲಿ ಸ್ಟೇಟಸ್‌ಗಾಗಲಿ ಹಾಕಬಾರದು. ಸೀದಾ ವಿಭಾಗದ ಇಮೇಲಿಗೋ ಡ್ರೈವ್ ಫೋಲ್ಡರಿಗೋ ಹೋಗಲಿ, ಫೈಲಿನ ಹೆಸರು ಹೀಗಿರಲಿ:

```
20250811_BCom3A_CostAcc_1012_1of4.png
```

ತಾರೀಖನ್ನು ವರ್ಷದಿಂದ ಶುರು ಮಾಡಿದ್ದರಿಂದ ಸೆಮಿಸ್ಟರಿನ ಅಷ್ಟೂ ಚಿತ್ರಗಳು ತಾವಾಗಿ ದಿನದ ಕ್ರಮದಲ್ಲಿ ಕೂರುತ್ತವೆ. 1of4 ಎಂದಿದ್ದರೆ ಉಳಿದ ಮೂರು ಇವೆಯೋ ಇಲ್ಲವೋ ಎಂದು ಹುಡುಕುವವರಿಗೆ ತಕ್ಷಣ ತಿಳಿಯುತ್ತದೆ. ಇದನ್ನು ಅದೇ ದಿನ ಮಾಡಿ. ತಿಂಗಳ ಕೊನೆಗೆ ಒಟ್ಟಿಗೆ ಹೆಸರಿಡಲು ಕೂತರೆ `Screenshot (45)` ಯಾವ ಕ್ಲಾಸಿನದು ಎಂದು ಪ್ರತಿಯೊಂದನ್ನೂ ತೆರೆದು ನೋಡಬೇಕಾಗುತ್ತದೆ.